ಮಲೆನಾಡಿನ ಮಳೆಗಾಲ ಮತ್ತು ಐಸ್ ಕಟ್ಟುವ ಫ್ರೀಜರ್: ನನ್ನ ಅನುಭವ

ಮೂಡಿಗೆರೆ, ಕೊಪ್ಪ ಕಡೆಯಿಂದ ಜುಲೈನಲ್ಲಿ ಬರುವ ಫೋನ್‌ಗಳಲ್ಲಿ ಹೆಚ್ಚಿನವು ಒಂದೇ ಥರ: "ಮೇಲೆ ಐಸ್‌ಕ್ರೀಮ್ ಗಟ್ಟಿ ಇದೆ, ಕೆಳಗೆ ಹಾಲು ಒಡೀತಿದೆ. ಗ್ಯಾಸ್ ಹೋಗಿರ್ಬೇಕು, ಬಂದು ನೋಡಿ." ಎರಡು ಬಾಗಿಲಿನ ಫ್ರಾಸ್ಟ್-ಫ್ರೀ ಫ್ರಿಜ್ ಆಗಿದ್ದರೆ ನಾನು ಮೊದಲು ಅನುಮಾನಿಸುವುದು ಗ್ಯಾಸನ್ನಲ್ಲ, ಫ್ರೀಜರಿನ ಹಿಂದಿನ ಪ್ಲಾಸ್ಟಿಕ್ ಹಲಗೆಯ ಮರೆಯಲ್ಲಿದ್ದು ಒಳಗಿನ ಗಾಳಿಯನ್ನು ತಣ್ಣಗೆ ಮಾಡುವ ಕಾಯಿಲನ್ನು.

ಆ ಕಾಯಿಲಿನ ಮೇಲೆ ಐಸ್ ಆಗುವ ನೀರು ಬರುವುದು ಹೊರಗಿನ ಗಾಳಿಯಿಂದ. ಮಾರ್ಚ್ ಮಧ್ಯಾಹ್ನ 32 ಡಿಗ್ರಿ ಸೆಕೆಯಿದ್ದರೂ ತೇವಾಂಶ ಶೇ. 35 ಇದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 12 ಗ್ರಾಂ ನೀರಾವಿ ಇರುತ್ತದೆ. ಜಡಿಮಳೆಯ ದಿನ 22 ಡಿಗ್ರಿ, ತೇವಾಂಶ ಶೇ. 95 ಇದ್ದಾಗ ಅದು 18 ಗ್ರಾಂ. ಮೈನಸ್ 18 ಡಿಗ್ರಿಯ ಗಾಳಿ ಹಿಡಿದಿಟ್ಟುಕೊಳ್ಳುವುದು ಸುಮಾರು 1 ಗ್ರಾಂ ಮಾತ್ರ. ಉಳಿದದ್ದೆಲ್ಲ ಒಳಗಿನ ಅತಿ ತಣ್ಣಗಿನ ಜಾಗಕ್ಕೆ, ಅಂದರೆ ಕಾಯಿಲಿಗೆ, ಹೋಗಿ ಅಂಟುತ್ತದೆ. ಕೆಳಗಿನ ಬಾಗಿಲು ತೆಗೆದರೂ ಇದೇ ಕಥೆ, ಏಕೆಂದರೆ ಈ ಫ್ರಿಜ್‌ಗಳಲ್ಲಿ ಒಂದೇ ಫ್ಯಾನ್ ಒಂದೇ ಕಾಯಿಲಿನ ಗಾಳಿಯನ್ನು ಮೇಲೂ ಕೆಳಗೂ ತಿರುಗಿಸುತ್ತದೆ. ಮುಚ್ಚಳವಿಲ್ಲದ ಸಾರಿನ ಪಾತ್ರೆ, ತೊಳೆದು ಹಾಗೇ ಇಟ್ಟ ಸೊಪ್ಪಿನ ನೀರು ಕೂಡ ಕೊನೆಗೆ ಅಲ್ಲಿಗೇ ಸೇರುತ್ತದೆ.

ಲೆಕ್ಕ ಹಾಕಿ ನೋಡೋಣ. 250 ಲೀಟರಿನ ಫ್ರಿಜ್, ಕೆಳಭಾಗ ಸುಮಾರು 190 ಲೀಟರ್. ಬಾಗಿಲು ತೆಗೆದಾಗ ತಣ್ಣನೆಯ ಗಾಳಿ ಭಾರವಾದ್ದರಿಂದ ಕೆಳಗಿನಿಂದ ಹೊರಗೆ ಸುರಿಯುತ್ತದೆ, ಮೇಲಿನಿಂದ ಹೊಸ ಗಾಳಿ ನುಗ್ಗುತ್ತದೆ. ಅರ್ಧ ಗಾಳಿ ಬದಲಾಯಿತು ಅಂದುಕೊಂಡರೂ ಒಂದು ಸಲಕ್ಕೆ ಒಂದೂವರೆ ಗ್ರಾಂ ನೀರು. ತುಂಬಿದ ಮನೆಯಲ್ಲಿ ದಿನಕ್ಕೆ 40 ಸಲ ತೆಗೆದರೆ 60 ಗ್ರಾಂ. ಕಾಯಿಲಿನ ಐಸನ್ನು ಆಗಾಗ ತಾನೇ ಕರಗಿಸುವ ಡಿಫ್ರಾಸ್ಟ್ ಸರಿಯಿದ್ದರೆ ಇದೇನೂ ದೊಡ್ಡದಲ್ಲ: 150 ವ್ಯಾಟಿನ ಹೀಟರ್ 20 ನಿಮಿಷ ಉರಿದರೆ ಇದಕ್ಕಿಂತ ಎಷ್ಟೋ ಹೆಚ್ಚು ಐಸ್ ಕರಗುತ್ತದೆ.

ಮಳೆಗಾಲದ ತೊಂದರೆ ಶುರುವಾಗುವುದು ಈ ಹೀಟರನ್ನು ಹೊತ್ತಿಗೆ ಹಚ್ಚುವ ಟೈಮರಿನಿಂದ. ಹಳೆಯ ಮಾಡೆಲ್‌ಗಳಲ್ಲಿ ಅನೇಕ ಟೈಮರ್‌ಗಳು ಗಡಿಯಾರದ ಗಂಟೆ ಎಣಿಸುವುದಿಲ್ಲ, ಕಂಪ್ರೆಸರ್ ಓಡಿದ ಗಂಟೆಗಳನ್ನಷ್ಟೇ ಎಣಿಸುತ್ತವೆ. ಬೇಸಿಗೆಯಲ್ಲಿ ಕಂಪ್ರೆಸರ್ ದಿನಕ್ಕೆ 15–16 ಗಂಟೆ ಓಡಿದರೆ 8 ಗಂಟೆಯ ಟೈಮರ್ ಹೆಚ್ಚುಕಡಿಮೆ ಎರಡು ಸಲ ಐಸ್ ಕರಗಿಸುತ್ತದೆ. ಮಳೆಯ ತಂಪಿನಲ್ಲಿ 7 ಗಂಟೆ ಓಡಿದರೆ ದಿನಕ್ಕೊಂದು ಸಲವೂ ಇಲ್ಲ, ಜೊತೆಗೆ ಕರೆಂಟ್ ಹೋದಷ್ಟು ಹೊತ್ತೂ ಎಣಿಕೆ ನಿಲ್ಲುತ್ತದೆ. ಒಳಬರುವ ನೀರು ಒಂದೂವರೆ ಪಟ್ಟು, ಕರಗಿಸುವ ಸರದಿ ಅರ್ಧ. ಆರೋಗ್ಯವಾಗಿರುವ ಫ್ರಿಜ್ ಇದನ್ನೂ ತಡೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಹೇಗೋ ನಡೆಯುತ್ತಿದ್ದ ಸಡಿಲ ಗ್ಯಾಸ್ಕೆಟ್ಟು, ಅಂದರೆ ಬಾಗಿಲಂಚಿನ ರಬ್ಬರು, ಬಯಲಾಗುವುದು ಆಗಲೇ.

ಹಲಗೆ ಬಿಚ್ಚಿದಾಗ ಐಸ್ ಎಲ್ಲಿದೆ ಎಂಬುದೇ ಅರ್ಧ ಉತ್ತರ. ಕಾಯಿಲಿನ ಉದ್ದಕ್ಕೂ ಬೆಳ್ಳಗೆ ಒಂದೇ ಸಮ ತುಂಬಿದ್ದರೆ ಡಿಫ್ರಾಸ್ಟ್ ನಿಂತಿದೆ. ಕಾಯಿಲಿನ ಶುರುವಿನ ಎರಡು ಸುತ್ತಿಗೆ ಮಾತ್ರ ಐಸ್ ಇದ್ದು ಉಳಿದದ್ದು ಬರಿದಾಗಿದ್ದರೆ, ಆಗ ಗ್ಯಾಸ್ ಕಡಿಮೆ ಎಂಬ ಮಾತಿಗೆ ಅರ್ಥ ಬರುತ್ತದೆ. ಬಾಗಿಲ ಅಂಚಿನ ಒಂದು ಮೂಲೆಯಲ್ಲಿ ಪುಡಿ ಐಸ್ ಕೂತಿದ್ದರೆ ಗ್ಯಾಸ್ಕೆಟ್: ನೋಟೊಂದನ್ನು ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯಿರಿ, ಬಿಗಿಯಿಲ್ಲದೆ ಜಾರಿ ಬಂದ ಕಡೆ ಗಾಳಿ ಹಗಲೂ ರಾತ್ರಿ ನುಗ್ಗುತ್ತಿದೆ.

ಮನೆಯವರು "ಒಂದು ದಿನ ಆಫ್ ಮಾಡಿಟ್ರೆ ಸರಿಹೋಗುತ್ತೆ, ಹತ್ತು ದಿನಕ್ಕೆ ಮತ್ತೆ ಹಾಗೇ" ಅಂದರೆ ಅದು ನಿಂತ ಡಿಫ್ರಾಸ್ಟಿನ ಲಕ್ಷಣ. ಮೇಲಿನ ಲೆಕ್ಕದ ಪ್ರಕಾರ ಹತ್ತು ದಿನಕ್ಕೆ 600 ಗ್ರಾಂ ಐಸು, ಅದೂ ಹಗುರವಾದ ಹಿಮ, ಕಾಯಿಲಿನ ರೆಕ್ಕೆಗಳ ನಡುವಿನ ಸಂದನ್ನೆಲ್ಲ ಮುಚ್ಚುತ್ತದೆ. ಫ್ಯಾನಿನ ಗಾಳಿಗೆ ದಾರಿಯಿಲ್ಲದೆ ಮೊದಲು ಸೊರಗುವುದು ಕೆಳಭಾಗ.

ಪರೀಕ್ಷೆ ಪ್ಲಗ್ ತೆಗೆದ ಮೇಲೆಯೇ. 150 ವ್ಯಾಟಿನ ಹೀಟರಿಗೆ ಮಲ್ಟಿಮೀಟರ್ ಸುಮಾರು 350 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಸುಟ್ಟಿದೆ. ಅತಿ ಬಿಸಿಯಾದರೆ ಹೀಟರಿನ ಕರೆಂಟ್ ಕಡಿಯುವ ಥರ್ಮಲ್ ಫ್ಯೂಸ್ ಯಾವಾಗಲೂ ಕೂಡಿರಬೇಕು, ಅಂದರೆ ಕರೆಂಟಿಗೆ ದಾರಿ ಬಿಡಬೇಕು. ಕಾಯಿಲು ಬಿಸಿಯಾದಾಗ ಹೀಟರನ್ನು ನಿಲ್ಲಿಸುವ ಸ್ವಿಚ್ಚಾದ ಬೈಮೆಟಲ್ ಮಾತ್ರ ಹಾಗಲ್ಲ, ಅದು ಚೆನ್ನಾಗಿ ತಣ್ಣಗಿದ್ದಾಗಷ್ಟೇ ಕೂಡಿಕೊಳ್ಳುತ್ತದೆ. ಐಸೆಲ್ಲ ಕರಗಿಸಿ, ಕೋಣೆಯ ಬಿಸಿಯಲ್ಲಿ ಅಳೆದು, "ಇದು ಹೋಗಿದೆ" ಎಂದು ಒಳ್ಳೆಯ ಬೈಮೆಟಲನ್ನು ಬದಲಾಯಿಸಿರುವುದನ್ನು ಬಹಳ ಕಡೆ ಕಂಡಿದ್ದೇನೆ. ಹಲಗೆ ಬಿಚ್ಚಿದ ತಕ್ಷಣ, ಐಸ್ ಮೆತ್ತಿರುವಾಗಲೇ ಅಳೆಯಿರಿ. ಐಸನ್ನು ಚಾಕುವಿನಿಂದ ಕೆರೆಯಬೇಡಿ. ಈಗಿನ ಬಹಳಷ್ಟು ಫ್ರಿಜ್‌ಗಳಲ್ಲಿರುವ ಆರ್600ಎ ಬೆಂಕಿ ಹೊತ್ತಿಕೊಳ್ಳುವ ಗ್ಯಾಸು, ಕಾಯಿಲಿಗೆ ತೂತು ಬಿದ್ದರೆ ಅಪಾಯ.

ಭಾಗ ಬದಲಾಯಿಸಿದ ಮೇಲೆ ಫ್ರಿಜ್ ಓಡಿಸಿ, ಕಾಯಿಲ್ ಚೆನ್ನಾಗಿ ತಣ್ಣಗಾದ ನಂತರ ಟೈಮರಿನ ತಿರುಪನ್ನು ಸ್ಕ್ರೂಡ್ರೈವರಿನಿಂದ ಟಕ್ ಎನ್ನುವವರೆಗೆ ತಿರುಗಿಸಬೇಕು. ಕಂಪ್ರೆಸರ್ ನಿಂತು, ಕ್ಲ್ಯಾಂಪ್ ಮೀಟರಿನಲ್ಲಿ ಹೀಟರಿನ ಸುಮಾರು 0.65 ಆಂಪಿಯರ್ ಕಾಣಬೇಕು. ಸ್ವಲ್ಪ ಹೊತ್ತಿಗೆ ಹಿಂದಿನ ಟ್ರೇಗೆ ನೀರು ತೊಟ್ಟಿಕ್ಕಬೇಕು. ಹೀಟರ್ ಕರೆಂಟ್ ಎಳೆಯುತ್ತಿದ್ದು ಟ್ರೇ ಒಣಗಿಯೇ ಇದ್ದರೆ ಡ್ರೈನ್ ಪೈಪು ಕಟ್ಟಿದೆ. ಕರಗಿದ ನೀರು ಫ್ರೀಜರಿನ ತಳದಲ್ಲೇ ಮತ್ತೆ ಹೆಪ್ಪುಗಟ್ಟುತ್ತದೆ. ಬಿಸಿನೀರನ್ನು ಸಿರಿಂಜಿನಲ್ಲಿ ಹಾಕಿ ಪೈಪನ್ನು ಬಿಡಿಸಿದ ಮೇಲಷ್ಟೇ ಹಲಗೆ ಮುಚ್ಚುತ್ತೇನೆ.