ಡೀಸೆಲ್ ಹರಿಯುವ ದಾರಿ ಹಿಡಿದು

ಗ್ಯಾರೇಜಿಗೆ ಸೇರಿದ ಹೊಸದರಲ್ಲಿ ಹಳೇ ಲಾರಿಯ ಬಾನೆಟ್ ಎತ್ತಿದರೆ ನನಗೆ ಬರೀ ಪೈಪುಗಳು, ಎಣ್ಣೆ ಮೆತ್ತಿದ ಕಬ್ಬಿಣ ಕಾಣುತ್ತಿತ್ತು. ಮೇಸ್ತ್ರಿ ಹೆಸರುಗಳನ್ನು ಬಾಯಿಪಾಠ ಮಾಡಿಸಲಿಲ್ಲ. "ಡೀಸೆಲ್ ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ ನೋಡು. ಅದರ ಹಿಂದೆನೇ ಹೋಗು" ಅಂದರು.

ಎದುರಿಗಿದ್ದ ಆರು ಸಿಲಿಂಡರಿನ ಲಾರಿ ಡೀಸೆಲ್ ಖಾಲಿಯಾಗಿ ನಿಂತದ್ದು. ಟ್ಯಾಂಕ್ ತುಂಬಿಸಿದರೂ ಸ್ಟಾರ್ಟ್ ಆಗುತ್ತಿರಲಿಲ್ಲ. ಪೈಪಿನೊಳಗೆ ಗಾಳಿ ಸೇರಿತ್ತು. ಪಂಪ್ ಹಾಕುವ ಒತ್ತಡವೆಲ್ಲ ಆ ಗಾಳಿಯನ್ನು ಕುಗ್ಗಿಸುವುದರಲ್ಲೇ ಮುಗಿದುಹೋಗುತ್ತದೆ. ಸಿಲಿಂಡರಿನೊಳಗೆ ಡೀಸೆಲ್ ಸಿಂಪಡಿಸುವ ನಾಝಲ್ ತೆರೆಯುವುದೇ ಇಲ್ಲ.

ಟ್ಯಾಂಕಿನಿಂದ ಡೀಸೆಲ್ ಎಳೆಯುವುದು ಫೀಡ್ ಪಂಪ್. ಈ ಲಾರಿಯಲ್ಲಿ ಅದು ದೊಡ್ಡ ಇಂಜೆಕ್ಷನ್ ಪಂಪಿನ ಪಕ್ಕಕ್ಕೇ ಕೂತಿತ್ತು. ಅದರ ಮೇಲಿರುವ, ತಿರುಗಿಸಿ ಬಿಡಿಸುವ ಗುಂಡಿಯೇ ಹ್ಯಾಂಡ್ ಪಂಪ್. ಮೊದಲು ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪಂಪ್ ಒತ್ತಿದೆ. ನೊರೆ ಬಂತು. ನೊರೆ ನಿಂತು ಬರೀ ಡೀಸೆಲ್ ಹರಿಯತೊಡಗಿದಾಗ, ಅದು ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಬೇಕು. ನಿಂತ ಮೇಲೆ ಬಿಗಿದರೆ ಮತ್ತೆ ಗಾಳಿ ಒಳಗೆ ಹೋಗುತ್ತದೆ. ಆಮೇಲೆ ಇಂಜೆಕ್ಷನ್ ಪಂಪಿನ ಸ್ಕ್ರೂಗೂ ಇದೇ ಕೆಲಸ.

ಅಲ್ಲಿಂದ ಮುಂದೆ ಹ್ಯಾಂಡ್ ಪಂಪಿನ ಆಟ ನಡೆಯುವುದಿಲ್ಲ. ಇಂಜೆಕ್ಷನ್ ಪಂಪ್ ಪ್ರತಿ ಸಿಲಿಂಡರಿಗೂ ಅದರ ಸರದಿಗೆ ಸರಿಯಾಗಿ, ಅಳೆದು, ಭಾರೀ ಒತ್ತಡದಲ್ಲಿ ಡೀಸೆಲ್ ಕಳಿಸುತ್ತದೆ. ಹಾಗಾಗಿ ನಾಝಲ್ ಕಡೆಯ ಪೈಪ್ ನಟ್‌ಗಳನ್ನು ಸ್ವಲ್ಪ ಸಡಿಲಿಸಿ ಸೆಲ್ಫ್ ಹೊಡೆದೆವು. ಡೀಸೆಲ್ ಚಿಮ್ಮಿದ ಮೇಲೆ ಒಂದೊಂದಾಗಿ ಬಿಗಿದೆವು. ಕೈ ಅಡ್ಡ ಇಡಲು ಮೇಸ್ತ್ರಿ ಬಿಡಲಿಲ್ಲ. ಆ ಒತ್ತಡದ ಡೀಸೆಲ್ ಚರ್ಮ ತೂತು ಮಾಡಿ ಒಳಗೇ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕು.

ಇಂಜಿನ್ ಹತ್ತಿಕೊಂಡಿತು, ಆದರೆ ಕುಂಟುತ್ತಿತ್ತು. ನನಗೆ ಅತಿ ಇಷ್ಟದ ಪರೀಕ್ಷೆ ಇದೇ. ಇಂಜಿನ್ ಓಡುತ್ತಿರುವಾಗ, ಕನ್ನಡಕ ಹಾಕಿಕೊಂಡು, ನಟ್ಟಿಗೆ ಬಟ್ಟೆ ಸುತ್ತಿ, ಸ್ಪ್ಯಾನರಿನಿಂದ ಒಂದೊಂದೇ ನಟ್ ಸಡಿಲಿಸುತ್ತಾ ಹೋಗುವುದು. ಕೆಲಸ ಮಾಡುವ ಸಿಲಿಂಡರಿನದಾದರೆ ಇಂಜಿನ್ ಸದ್ದು ತಕ್ಷಣ ಇಳಿಯುತ್ತದೆ. ನಾಲ್ಕನೆಯದರಲ್ಲಿ ಸದ್ದು ಬದಲಾಗಲೇ ಇಲ್ಲ.

"ನಾಝಲ್ ಹೋಗಿದೆ ಅಲ್ವಾ?" ಅಂದೆ.

"ನಾಝಲ್ಲೋ, ಪಂಪೋ, ಒಳಗಿನ ವಾಲ್ವೋ, ಸುಮ್ನೆ ಹೇಗೆ ಹೇಳ್ತೀಯ? ಎರಡರ ನಾಝಲ್ ಅದಲು ಬದಲು ಮಾಡು."

ಇಂಜಿನ್ ಬಂದ್ ಮಾಡಿ, ಎರಡನೆಯದು ಮತ್ತು ನಾಲ್ಕನೆಯದರ ನಾಝಲ್ ಬಿಚ್ಚಿ ಹೊಸ ವಾಷರ್ ಹಾಕಿ ಬದಲಿಸಿದೆ. ಹಳೇ ವಾಷರ್ ಹಾಕಿದರೆ ಗ್ಯಾಸ್ ಸೋರುವ ಸಾಧ್ಯತೆ ಜಾಸ್ತಿ. ಈ ಸಲ ಎರಡನೆಯದರಲ್ಲಿ ಸದ್ದು ಬದಲಾಗಲಿಲ್ಲ, ನಾಲ್ಕನೆಯದರಲ್ಲಿ ಇಳಿಯಿತು. ತೊಂದರೆ ನಾಝಲ್ ಜೊತೆಗೇ ಹೋಗಿತ್ತು. ಅದನ್ನು ಬಿಚ್ಚಿ ಟೆಸ್ಟಿಂಗಿಗೆ ಕಳಿಸಿದೆವು.