ನಿದ್ದೆ ಗಮ್ಮಿಯ ಡಬ್ಬಿ ತಿರುಗಿಸಿ ನೋಡಿ: ಮಿಲಿಗ್ರಾಂ ಲೆಕ್ಕ ಹಾಕುವುದು ಹೀಗೆ

ನಿದ್ದೆಗೆಂದು ಮಾರುವ ಗಮ್ಮಿ, ಮಾತ್ರೆಗಳ ಡಬ್ಬಿಯ ಮುಂಭಾಗದಲ್ಲಿ ಚಂದ್ರ, ನಕ್ಷತ್ರ, ದಪ್ಪ ಅಕ್ಷರದ ಒಂದು ಸಂಖ್ಯೆ ಇರುತ್ತವೆ. ಅದನ್ನು ಬಿಡಿ. ಓದಬೇಕಾದದ್ದು ಹಿಂದಿನ ಸಣ್ಣ ಅಕ್ಷರದ ಪಟ್ಟಿ. ಉದಾಹರಣೆಗೆ ನಾನೇ ಒಂದು ಲೇಬಲ್ ಬರೆದುಕೊಂಡಿದ್ದೇನೆ. ಇಂಥವು ಎಲ್ಲೆಡೆ ಸಿಗುತ್ತವೆ:

ಸರ್ವಿಂಗ್: 2 ಗಮ್ಮಿ
ಮೆಲಟೋನಿನ್: 5 ಮಿ.ಗ್ರಾಂ
ಪ್ರೊಪ್ರೈಟರಿ ಬ್ಲೆಂಡ್: 350 ಮಿ.ಗ್ರಾಂ (ಕ್ಯಾಮೊಮೈಲ್, ವಲೇರಿಯನ್, ಲೆಮನ್ ಬಾಮ್, ಪ್ಯಾಶನ್‌ಫ್ಲವರ್, ಎಲ್-ಥಿಯನೈನ್)

ಮೊದಲು ಸರ್ವಿಂಗ್ ನೋಡಿ

ಇಲ್ಲಿ 5 ಮಿ.ಗ್ರಾಂ ಎಂದರೆ ಎರಡು ಗಮ್ಮಿಗೆ. ಒಂದೇ ತಿಂದರೆ 2.5. ಇನ್ನೊಂದು ಡಬ್ಬಿಯಲ್ಲಿ 5 ಅಂತ ಬರೆದಿದ್ದು ಒಂದೇ ಗಮ್ಮಿಗೆ ಇರಬಹುದು. ಬ್ರ್ಯಾಂಡ್ ಬದಲಿಸಿ, ಹಳೇ ಅಭ್ಯಾಸದಂತೆ ಎರಡು ಬಾಯಿಗೆ ಹಾಕಿಕೊಂಡರೆ ಡೋಸ್ ಗೊತ್ತೇ ಆಗದೆ ದುಪ್ಪಟ್ಟಾಗುತ್ತದೆ.

ಆಮೇಲೆ ಅಳತೆ

ಕೆಲವು ಲೇಬಲ್‌ಗಳಲ್ಲಿ ಮೈಕ್ರೋಗ್ರಾಂ ಇರುತ್ತದೆ. 1000 ಮೈಕ್ರೋಗ್ರಾಂ ಸೇರಿದರೆ 1 ಮಿ.ಗ್ರಾಂ. ಹಾಗಾಗಿ ‘300 ಮೈಕ್ರೋಗ್ರಾಂ’ ನೋಡೋಕೆ ದೊಡ್ಡದು, ಆದರೆ ಅದು ಬರೀ 0.3 ಮಿ.ಗ್ರಾಂ. ಅಷ್ಟಕ್ಕೇ ರಕ್ತದಲ್ಲಿ ಮೆಲಟೋನಿನ್ ರಾತ್ರಿ ಸಹಜವಾಗಿ ಇರುವ ಮಟ್ಟದ ಹತ್ತಿರ ಬರುತ್ತದೆ.

10 ಮಿ.ಗ್ರಾಂ ತಿಂದರೆ 5ರ ಎರಡರಷ್ಟು ನಿದ್ದೆ ಬರುತ್ತದೆ ಅಂತಿಲ್ಲ. ಮೆಲಟೋನಿನ್ ನಮ್ಮನ್ನು ಮಲಗಿಸಿಬಿಡುವ ಔಷಧಿಯಲ್ಲ, ‘ಕತ್ತಲಾಯಿತು’ ಎಂದು ದೇಹಕ್ಕೆ ಹೇಳುವ ಹಾರ್ಮೋನ್. ಹೇಳುವುದನ್ನು ಕೂಗಿ ಹೇಳಿದರೆ ಕತ್ತಲು ಜಾಸ್ತಿ ಆಗುತ್ತಾ? ಜಾಸ್ತಿ ಆಗುವುದು ಬೆಳಗಿನ ಮಂಪರು. ಹಲವು ಪ್ರಯೋಗಗಳನ್ನು ಒಟ್ಟಿಗೆ ಅಳೆದು ನೋಡಿದಾಗ, ನಿದ್ದೆ ಹತ್ತುವುದು ಸರಾಸರಿ ಏಳು ನಿಮಿಷದಷ್ಟು ಬೇಗ ಆಗಿತ್ತು, ಅಷ್ಟೇ. ಬೆಳಿಗ್ಗೆ ತಲೆ ಭಾರ ಅನಿಸಿದರೆ ಡೋಸ್ ಇಳಿಸಬೇಕು, ಏರಿಸಬಾರದು. ಆದರೆ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಡೋಸ್ ಇಳಿಸಲೆಂದು ಪುಡಿ ಮಾಡಬೇಡಿ. ಆ ನಿಧಾನದ ವ್ಯವಸ್ಥೆಯೇ ಕೆಟ್ಟುಹೋಗುತ್ತದೆ.

ಈಗ ಬ್ಲೆಂಡ್ ಬಿಡಿಸೋಣ

ನನಗೆ ಇಷ್ಟವಾದ ಲೆಕ್ಕ ಇದು. ಅಮೆರಿಕದ ನಿಯಮದ ಪ್ರಕಾರ ಇಂಥ ಬ್ಲೆಂಡ್‌ಗೆ ಒಟ್ಟು ತೂಕ ಬರೆದರೆ ಸಾಕು, ಒಂದೊಂದರದ್ದೂ ಬೇಕಿಲ್ಲ. ಆದರೆ ಹೆಸರುಗಳು ತೂಕದ ಕ್ರಮದಲ್ಲಿರಬೇಕು, ಹೆಚ್ಚಿರುವುದು ಮೊದಲು. ಈ ಒಂದು ಎಳೆ ಹಿಡಿದರೆ ಸಾಕು.

ವಲೇರಿಯನ್ ಎರಡನೆಯದು. ಅದಕ್ಕಿಂತ ಮುಂದಿರುವ ಕ್ಯಾಮೊಮೈಲ್ ಕನಿಷ್ಠ ಅದರಷ್ಟಾದರೂ ಇರಬೇಕಲ್ವಾ? ಹಾಗಾದರೆ ವಲೇರಿಯನ್ 350ರ ಅರ್ಧ, ಅಂದರೆ 175 ಮಿ.ಗ್ರಾಂ ದಾಟುವಂತಿಲ್ಲ. ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಬಳಸಿದ್ದು 300ರಿಂದ 600 ಮಿ.ಗ್ರಾಂ ಸಾರ. ಅಷ್ಟು ಕೊಟ್ಟಾಗಲೂ ಫಲಿತಾಂಶ ಒಂದೇ ಥರ ಬಂದಿಲ್ಲ. ಐದನೆಯ ಸ್ಥಾನದ ಎಲ್-ಥಿಯನೈನ್ ಹೆಚ್ಚೆಂದರೆ 350ರ ಐದನೇ ಒಂದು ಭಾಗ, 70 ಮಿ.ಗ್ರಾಂ. ಕಡಿಮೆ ಅಂದರೆ? ಒಂದು ಚಿಟಿಕೆಯೂ ಇರಬಹುದು. ಅದನ್ನೇ ಮಾರಿದರೆ ಸಾಮಾನ್ಯವಾಗಿ 200 ಇರುತ್ತದೆ. ಒಟ್ಟು ತೂಕವನ್ನು ಸ್ಥಾನದ ಸಂಖ್ಯೆಯಿಂದ ಭಾಗಿಸಿ, ಸಿಗುವುದು ಗರಿಷ್ಠ ಮಿತಿ. ಐದು ಹೆಸರು, ಅರ್ಧಂಬರ್ಧ ಡೋಸ್.

ಇನ್ನೊಂದು ತೊಡಕಿದೆ. ಹೊಟ್ಟೆ ಕೆಟ್ಟಿತು, ಮೈಮೇಲೆ ಗಂದೆ ಎದ್ದಿತು ಅನ್ನಿ. ಆರರಲ್ಲಿ ಯಾವುದರಿಂದ ಅಂತ ಹೇಗೆ ಹೇಳುತ್ತೀರಿ? ಒಂದೇ ಅಂಶದ ಮಾತ್ರೆಯಾಗಿದ್ದರೆ ನಿಲ್ಲಿಸಿ ನೋಡಬಹುದಿತ್ತು. ಪಟ್ಟಿಯಲ್ಲಿ ಕಾವಾ ಅಥವಾ ಅಶ್ವಗಂಧ ಕಂಡರೆ ಇನ್ನಷ್ಟು ಎಚ್ಚರ ಬೇಕು. ಎರಡರಿಂದಲೂ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳು ವರದಿಯಾಗಿವೆ.

ಲೇಬಲ್ಲೇ ತಪ್ಪಿದ್ದರೆ?

2023ರಲ್ಲಿ ಅಮೆರಿಕದ ಸಂಶೋಧಕರು 25 ಗಮ್ಮಿಗಳನ್ನು ಪರೀಕ್ಷಿಸಿದರು. 22ರಲ್ಲಿ ಲೇಬಲ್ಲಿನ ಸಂಖ್ಯೆ ಸರಿ ಇರಲಿಲ್ಲ. ಒಂದರಲ್ಲಿ ಮೆಲಟೋನಿನ್ನೇ ಇರಲಿಲ್ಲ, ಇನ್ನೊಂದರಲ್ಲಿ ಬರೆದಿದ್ದರ 347 ಶೇಕಡಾ ಇತ್ತು. ನಮ್ಮ ಡಬ್ಬಿಗೆ ಅದೇ ಗತಿ ಬಂದರೆ 5 ಮಿ.ಗ್ರಾಂ ಸುಮಾರು 17 ಆಗುತ್ತದೆ. ಅದಕ್ಕೇ ‘ಯುಎಸ್‌ಪಿ ವೆರಿಫೈಡ್’ ಥರದ, ಹೊರಗಿನವರು ಪರೀಕ್ಷಿಸಿದ ಗುರುತು ಹುಡುಕಿ. ಅದು ನಿದ್ದೆ ಬರುತ್ತದೆ ಅಂತ ಹೇಳುವುದಿಲ್ಲ, ಬರೆದಷ್ಟು ಒಳಗಿದೆ ಅಂತ ಹೇಳುತ್ತದೆ.

ಕೊನೆಗೆ, ಪಕ್ಕದಲ್ಲಿರುವ ಬೇರೆ ಮಾತ್ರೆಗಳನ್ನೂ ತೆಗೆದು ನೋಡಿ. ‘ನೈಟ್’ ಎಂದು ಬರೆದ ನೆಗಡಿ ಔಷಧಿಯಲ್ಲಿ ಡೈಫೆನ್‌ಹೈಡ್ರಮಿನ್‌ನಂಥ ಮಂಪರು ತರುವ ಅಂಶ ಇದ್ದರೆ ಗಮ್ಮಿ ಜೊತೆ ಬೇಡ. ಖಿನ್ನತೆ, ಒಸಿಡಿಗೆ ಕೊಡುವ ಫ್ಲುವಾಕ್ಸಮಿನ್ ಮೆಲಟೋನಿನ್ ಕರಗದಂತೆ ತಡೆದು, ರಕ್ತದಲ್ಲಿ ಅದರ ಮಟ್ಟವನ್ನು ಹಲವು ಪಟ್ಟು ಏರಿಸುತ್ತದೆ. ಅದನ್ನೋ, ರಕ್ತ ತೆಳುವಾಗಿಸುವ ವಾರ್ಫರಿನ್ನನ್ನೋ ತಗೊಳ್ಳುವವರು, ಗರ್ಭಿಣಿಯರು, ಮಕ್ಕಳಿಗೆ ಕೊಡಬೇಕೆಂದಿರುವವರು ಡಬ್ಬಿಯನ್ನೇ ಡಾಕ್ಟರ್ ಹತ್ತಿರ ಒಯ್ಯಿರಿ. ಹೆಸರು ಹೇಳಿದರೆ ಸಾಲದು, ಅವರೂ ಆ ಹಿಂದಿನ ಪಟ್ಟಿಯನ್ನೇ ಓದಬೇಕು.