ಕಾಲು ನಿಂತಲ್ಲೊಂದು ಉಪಶೀರ್ಷಿಕೆ

ನಾನು ಮೈಸೂರಿನಲ್ಲಿ ಗೈಡ್ ಕೆಲಸ ಮಾಡುತ್ತೇನೆ. ಸೋಮನಾಥಪುರಕ್ಕೆ ತಾವೇ ಹೋಗಿ ಬರುವವರಿಗೆ ಅಂತ ಕೇಶವ ದೇವಸ್ಥಾನದ ಬಗ್ಗೆ ಒಂದು ವಿವರಣೆ ಬರೆದು ಫೋನಿಗೆ ಕಳಿಸುತ್ತಿದ್ದೆ. ಸುಮಾರು 700 ಪದ, ನಾಲ್ಕೇ ಪ್ಯಾರಾ. ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು.

ಒಂದು ದಿನ ಅಲ್ಲೇ ಒಬ್ಬ ಅಮ್ಮ ಸಿಕ್ಕರು. ಉತ್ತರದ ಗೋಡೆ ಮುಂದೆ ಬಿಸಿಲಲ್ಲಿ ನಿಂತು ನನ್ನ ಬರಹವನ್ನು ಮೇಲೆ ಕೆಳಗೆ ಸರಿಸುತ್ತಲೇ ಇದ್ದರು. "ಎಲ್ಲಾ ಬರ್ದಿದೀರಿ ಸಾರ್, ಆದ್ರೆ ಈ ಗೋಡೆದು ಎಲ್ಲಿದೆ ಅಂತಾನೇ ಸಿಗ್ತಿಲ್ಲ" ಅಂದರು. ಫೋನ್ ಇಸ್ಕೊಂಡು ನೋಡಿದೆ. ಒಂದೇ ಪ್ಯಾರಾ ಮೂರು ಸ್ಕ್ರೀನ್ ತುಂಬಿತ್ತು. ಮೂರೂ ಗೋಡೆಯ ವಿಷಯ ಅದರೊಳಗೇ ಇತ್ತು. ಮೇಲೆ ‘ಹೊರಗೋಡೆಯ ಶಿಲ್ಪವೈಭವ’ ಅಂತ ಶೀರ್ಷಿಕೆ.

ಅವತ್ತು ಸಂಜೆ ದೇವಸ್ಥಾನ ಸುತ್ತುವ ದಾರಿಯಲ್ಲೇ ಬರಹವನ್ನು ಕತ್ತರಿಸಿದೆ. ಜನ ಎಲ್ಲಿ ನಿಲ್ಲುತ್ತಾರೋ ಅಲ್ಲೊಂದು ಉಪಶೀರ್ಷಿಕೆ: ‘ದಕ್ಷಿಣ ಗೋಡೆ: ರಾಮಾಯಣ’, ‘ಹಿಂದಿನ ಗೋಡೆ: ಕೃಷ್ಣನ ಕಥೆ’, ‘ಉತ್ತರ ಗೋಡೆ: ಮಹಾಭಾರತ’. ಜಾಗ ಮೊದಲು, ವಿಷಯ ಆಮೇಲೆ. ಕನ್ನಡದ ಪದಗಳು ಉದ್ದ, ಸಮಾಸ ಮಾಡಿದರೆ ಇನ್ನೂ ಉದ್ದ. ಅದಕ್ಕೇ ಎರಡು ಸಾಲು ದಾಟದ ಹಾಗೆ ನೋಡಿಕೊಂಡೆ. ಸೋಮನಾಥ ದಂಡನಾಯಕ 13ನೇ ಶತಮಾನದಲ್ಲಿ ಕಟ್ಟಿಸಿದ ಇತಿಹಾಸವನ್ನು ಮೊದಲ ಪ್ಯಾರಾದಿಂದ ತೆಗೆದು, ಬಾಗಿಲ ಬಳಿ ಶಾಸನ ಇರುವ ಕಡೆಗೆ ಹಾಕಿದೆ. ಕಲ್ಲಿನ ಎದುರು ನಿಂತಾಗ ಓದಲು ಅದೇ ಸರಿಯಾದ ಜಾಗ ಅಲ್ವಾ?

ಕತ್ತರಿಸಿದ ಮೇಲೆ ಇನ್ನೊಂದು ತೊಂದರೆ ಕಂಡಿತು. ಉತ್ತರ ಗೋಡೆಯ ಪ್ಯಾರಾ "ಇದೇ ರೀತಿ ಇಲ್ಲಿಯೂ ಅವುಗಳ ಮೇಲೆ..." ಅಂತ ಶುರುವಾಗುತ್ತಿತ್ತು. ಯಾವ ರೀತಿ? ಯಾವುದರ ಮೇಲೆ? ನೇರವಾಗಿ ಅಲ್ಲಿಗೇ ಬಂದವರಿಗೆ ಗೊತ್ತಾಗಲ್ಲ. ಅದನ್ನು "ಗೋಡೆಯ ಬುಡದಲ್ಲಿ ಆನೆಗಳ ಸಾಲಿದೆ. ಅದರ ಮೇಲೆ ಕುದುರೆ ಸವಾರರು, ಅದರ ಮೇಲೆ ಬಳ್ಳಿ. ಮಹಾಭಾರತದ ಕಥೆ ಇರುವುದು ಬಳ್ಳಿಯ ಮೇಲಿನ ಸಾಲಿನಲ್ಲಿ" ಅಂತ ಬದಲಿಸಿದೆ. ಮೂರು ಗೋಡೆಗೂ ಆನೆ, ಕುದುರೆ ಮತ್ತೆ ಮತ್ತೆ ಬಂದವು. ಬರಲಿ ಅಂತ ಬಿಟ್ಟೆ.

ಮೊದಲ ಸಲ ಕತ್ತರಿಸುವುದು ಜಾಸ್ತಿಯೂ ಆಗಿತ್ತು. ಆನೆ ಸಾಲಿಗೊಂದು, ಕುದುರೆ ಸಾಲಿಗೊಂದು ಉಪಶೀರ್ಷಿಕೆ ಕೊಟ್ಟಿದ್ದೆ. ಸ್ಕ್ರೀನ್ ತುಂಬ ದಪ್ಪ ಅಕ್ಷರಗಳೇ. ಕಣ್ಣೆತ್ತಿದರೆ ಒಟ್ಟಿಗೇ ಕಾಣುವ ಸಾಲುಗಳಿಗೆ ಒಂದೇ ಪ್ಯಾರಾ ಸಾಕು ಅನ್ನಿಸಿತು, ಸೇರಿಸಿಬಿಟ್ಟೆ.

ಪ್ಯಾರಾ ಎಷ್ಟು ಉದ್ದ ಇರಬೇಕು ಅಂತ ಈಗ ಪದ ಎಣಿಸುವುದಿಲ್ಲ. ನಮ್ಮ ತಾಯಿಯ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಟ್ಟಿದ್ದಾರೆ. ನನ್ನ ಫೋನಿನಲ್ಲಿ ಆರು ಸಾಲು ಬರುವುದು ಅವರದರಲ್ಲಿ ಹತ್ತಾಗುತ್ತದೆ. ಅವರ ಫೋನಿನಲ್ಲಿ ಉಪಶೀರ್ಷಿಕೆ ಮತ್ತು ಅದರ ಪೂರ್ತಿ ಪ್ಯಾರಾ ಸರಿಸದೇ ಕಂಡರೆ ಮಾತ್ರ ಕಳಿಸುತ್ತೇನೆ.